ನೀರಿನ ಅಂಚೇ ಗ್ರಾಫ್

ಬೇರಿಕೆಯಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ತಮಿಳುನಾಡು ಮುಗಿದು ಮಾಲೂರು ತಾಲ್ಲೂಕು ಶುರುವಾಗುತ್ತದೆ. ನೆಲಕ್ಕೆ ಅದರ ಸುಳಿವೇ ಇಲ್ಲ. ಈಚೆಗೂ ಆಚೆಗೂ ಅದೇ ಕೆಂಪು ಮಣ್ಣು, ಅದೇ ರಾಗಿ ಹೊಲ, ಟೊಮೆಟೊ ಬಳ್ಳಿಗೆ ನೆಟ್ಟ ಅದೇ ಕೋಲುಗಳು. ಎರಡು ದಿಣ್ಣೆಗಳ ನಡುವೆ ಒಂದು ತಗ್ಗು, ತಗ್ಗಿಗೆ ಅಡ್ಡಲಾಗಿ ಏರಿ, ಏರಿಯ ಹಿಂದೆ ಕೆರೆ. ಹೊಸೂರು, ಬಾಗಲೂರು, ಬೇರಿಕೆ, ಮಾಸ್ತಿ, ಮಾಲೂರು, ಎಲ್ಲಿ ನೋಡಿದರೂ ಇದೇ ಜೋಡಣೆ. ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚು ಹೀಗೆ ಅಲೆಅಲೆಯಾಗಿ ಹೋಗಿ, ಶೂಳಗಿರಿ ದಾಟಿದ ಮೇಲೆ ಕೃಷ್ಣಗಿರಿಯ ಕಡೆಗೆ ಕುಸಿಯುತ್ತದೆ.

ಕೆರೆ ನಿಂತಾಗ ಅದರ ನೀರಿನ ಅಂಚನ್ನು ಗಮನಿಸಿ. ಒಂದು ಕಡೆ ಹೊಲದೊಳಕ್ಕೆ ನುಗ್ಗಿರುತ್ತದೆ, ಇನ್ನೊಂದು ಕಡೆ ಬಂಡೆಯನ್ನು ಸುತ್ತಿ ಬರುತ್ತದೆ, ಏರಿಯ ಬಳಿ ನೆಟ್ಟಗಾಗುತ್ತದೆ. ಎಷ್ಟು ಸೊಟ್ಟಗಿದ್ದರೂ ಆ ಅಂಚಿನ ಪ್ರತಿಯೊಂದು ಚುಕ್ಕೆಯೂ ಒಂದೇ ಎತ್ತರದಲ್ಲಿದೆ. ನೀರು ಅದನ್ನು ಖಾತ್ರಿ ಮಾಡುತ್ತದೆ, ಯಾವ ಯಂತ್ರವೂ ಬೇಕಿಲ್ಲ. ಬೇಸಗೆಯಲ್ಲಿ ನೀರು ಒಂದು ಮೀಟರ್ ಇಳಿದರೆ ಹೊಸ ಅಂಚು ಒಳಕ್ಕೆ ಸರಿದು, ಹಳೆಯದರ ಗುರುತು ಮಣ್ಣಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಮತ್ತೆ ಒಂದು ಮೀಟರ್ ಇಳಿದರೆ ಇನ್ನೊಂದು. ಈ ಕಲೆಗಳನ್ನು ಮೇಲಿನಿಂದ ನೋಡಿ ಹಾಗೆಯೇ ಕಾಗದಕ್ಕಿಳಿಸಿದರೆ ಅದು ಕೆರೆಯಂಗಳದ ಸಮೋನ್ನತಿ ರೇಖೆಗಳ ನಕ್ಷೆ. ಎಂಜಿನಿಯರುಗಳ ಬಾಯಲ್ಲಿ ಕಾಂಟೂರ್.

ಶಾಲೆಯಲ್ಲಿ ನಾವು ಎಳೆದ ಗ್ರಾಫುಗಳಿಗೆಲ್ಲ ಒಳಗೆ ಹೋಗುವುದು ಒಂದೇ ಸಂಖ್ಯೆ, ಹೊರಗೆ ಬರುವುದೂ ಒಂದೇ. ಗಂಟೆ ಹೇಳಿದರೆ ಉಷ್ಣತೆ, ವಯಸ್ಸು ಹೇಳಿದರೆ ತೂಕ. ಒಳಗಿನದಕ್ಕೆ ಅಡ್ಡ ಅಕ್ಷ, ಹೊರಗಿನದಕ್ಕೆ ನಿಂತ ಅಕ್ಷ, ನಡುವೆ ಒಂದು ಗೆರೆ. ನೆಲದ ಎತ್ತರಕ್ಕೆ ಇದು ಸಾಲದು. ಒಂದು ಜಾಗದ ಎತ್ತರ ಕೇಳಬೇಕಾದರೆ ಆ ಜಾಗ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಎರಡು ಸಂಖ್ಯೆ ಹೇಳಬೇಕು. ಗಣಿತದ ಬರವಣಿಗೆಯಲ್ಲಿ h = f(x, y). ಕಾಗದದ ಎರಡು ದಿಕ್ಕುಗಳೂ x ಮತ್ತು y ಗಳಿಗೇ ಖರ್ಚಾದವು. h ಎಂಬ ಉತ್ತರವನ್ನು ಬರೆಯಲು ದಿಕ್ಕು ಉಳಿಯಲಿಲ್ಲ.

ಇದಕ್ಕೊಂದು ದಾರಿ ಜೇಡಿಮಣ್ಣಿನಲ್ಲಿ ಮಾದರಿ ಮಾಡುವುದು. ಎರಡನೆಯದು ಕೆರೆಯ ನೀರು ಮಾಡಿದ್ದು. ಅದು ಪ್ರಶ್ನೆಯನ್ನೇ ತಿರುಗಿಸಿಬಿಡುತ್ತದೆ. "ಈ ಜಾಗದ ಎತ್ತರ ಎಷ್ಟು?" ಎನ್ನುವುದರ ಬದಲು "ಎತ್ತರ 100 ಇರುವ ಜಾಗಗಳು ಯಾವುವು?" ಎಂದು ಕೇಳುತ್ತದೆ. ಉತ್ತರವನ್ನು ಮೊದಲೇ ಹಿಡಿದುಕೊಂಡು, ಆ ಉತ್ತರ ಕೊಡುವ x, y ಜೋಡಿಗಳನ್ನೆಲ್ಲ ಹುಡುಕುವುದು. ಅಂದರೆ f(x, y) = 100. ಹೀಗೆ ಸಿಗುವ ಚುಕ್ಕೆಗಳೆಲ್ಲ ಸಾಮಾನ್ಯವಾಗಿ ಸೇರಿ ಒಂದು ಗೆರೆಯಾಗುತ್ತವೆ. 100ರ ಜಾಗದಲ್ಲಿ 101 ಇಟ್ಟರೆ ಇನ್ನೊಂದು ಗೆರೆ. ಒಂದು ಜಾಗಕ್ಕೆ ಎರಡು ಎತ್ತರ ಇರಲಾರದಾದ್ದರಿಂದ ಎರಡು ಬೇರೆ ಮಟ್ಟದ ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಚಾಚಿದ ಬಂಡೆಯ ಕೆಳಗೆ ಗುಹೆಯಿದ್ದರೆ ಮಾತ್ರ ಈ ಮಾತು ತಪ್ಪುತ್ತದೆ. ಅಲ್ಲಿ ಎತ್ತರ ಎನ್ನುವುದು ಫಲನವಾಗಿ ಉಳಿದಿರುವುದಿಲ್ಲ.

ಈ ಉಪಾಯವನ್ನು ಅಳತೆ ಮಾಡಿ ನೋಡೋಣ. ಇಳಿಜಾರಿನ ಒಂದು ಹೊಲ, ಕೆಳಗಡೆ ಕೆರೆ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕೆಂದು ನಾನು ಹಾಕಿಕೊಂಡವು, ಆದರೆ ಈ ಸೀಮೆಯ ಹೊಲಗಳಲ್ಲಿ ಸಿಗುವಂಥವೇ. ಕೆರೆಯ ಕೋಡಿಯ ಮಟ್ಟವನ್ನು 100.0 ಮೀಟರ್ ಎಂದು ಇಟ್ಟುಕೊಳ್ಳುತ್ತೇವೆ. ಸಮುದ್ರಮಟ್ಟದಿಂದ ಅದು ಎಷ್ಟೇ ಇರಲಿ, ಹೊಲದ ಕೆಲಸಕ್ಕೆ ಅದು ಬೇಡ. ಲೆವೆಲ್ ಯಂತ್ರವನ್ನು ಮೂರುಕಾಲಿನ ಮೇಲೆ ನಿಲ್ಲಿಸಿ, ಕೋಡಿಯ ಕಲ್ಲಿನ ಮೇಲೆ ಸ್ಟಾಫ್ ಹಿಡಿಸಿ ಒಂದು ರೀಡಿಂಗ್ ತೆಗೆದು, ಆಮೇಲೆ ಹೊಲದಲ್ಲಿ 20 ಮೀಟರಿಗೊಂದರಂತೆ ಚೌಕವಾಗಿ ಗೂಟ ಹೊಡೆದು ಒಂದೊಂದರ ಬುಡದಲ್ಲೂ ಸ್ಟಾಫ್ ಇಟ್ಟು ಓದುತ್ತಾರೆ. ಪಶ್ಚಿಮದಿಂದ ಪೂರ್ವಕ್ಕೆ ಅ, ಆ, ಇ, ಈ ಕಂಬಸಾಲುಗಳು. ಉತ್ತರದಿಂದ ದಕ್ಷಿಣಕ್ಕೆ 1, 2, 3, 4 ಅಡ್ಡಸಾಲುಗಳು.

```
       ಅ      ಆ      ಇ      ಈ
1    101.8  101.2  101.0  101.4
2    101.3  100.7  100.4  100.9
3    100.9  100.2   99.8  100.5
4    100.5   99.7   99.2  100.1
```

ಇದೇ ಆ ಫಲನ. ಎರಡು ಗುರುತು ಹೇಳಿದರೆ ಒಂದು ಎತ್ತರ. ಆದರೆ ಹದಿನಾರು ಸಂಖ್ಯೆಗಳನ್ನು ದಿಟ್ಟಿಸಿದರೆ ಹೊಲದ ಆಕಾರ ಕಣ್ಣಿಗೆ ಬರುವುದಿಲ್ಲ. 100.5ರ ಗೆರೆ ಎಳೆಯೋಣ.

ಎರಡು ಗೂಟಗಳಲ್ಲಿ ಸರಿಯಾಗಿ 100.5 ಇದೆ: ಅ4 ಮತ್ತು ಈ3. ಉಳಿದ ಕಡೆ ಗೆರೆ ಗೂಟಗಳ ನಡುವೆ ಎಲ್ಲೋ ಹಾದುಹೋಗುತ್ತದೆ. ಮೂರನೆಯ ಅಡ್ಡಸಾಲಿನಲ್ಲಿ ಅ ಗೂಟದ್ದು 100.9, ಆ ಗೂಟದ್ದು 100.2. ಇಪ್ಪತ್ತು ಮೀಟರಿನಲ್ಲಿ 0.7 ಇಳಿತ. ನಮಗೆ ಬೇಕಾದ 100.5 ಮುಟ್ಟಲು 0.4 ಇಳಿಯಬೇಕು. ನಡುವೆ ನೆಲ ಒಂದೇ ಸಮನೆ ಇಳಿದಿದೆ ಎಂದು ನಂಬಿದರೆ ಅ3ರಿಂದ 20 × 0.4 ÷ 0.7, ಸುಮಾರು 11.4 ಮೀಟರ್ ಪೂರ್ವಕ್ಕೆ ಒಂದು ಚುಕ್ಕೆ. ಆ ಗುರುತಿನ ಕಂಬಸಾಲಿನಲ್ಲಿ 2 ಮತ್ತು 3ರ ನಡುವೆ ಇದೇ ಲೆಕ್ಕ ಹಾಕಿದರೆ ಎರಡನೆಯ ಗೂಟದಿಂದ 8 ಮೀಟರ್ ದಕ್ಷಿಣಕ್ಕೆ ಮತ್ತೊಂದು. ಎರಡನೆಯ ಅಡ್ಡಸಾಲಿನಲ್ಲಿ ಆ ಮತ್ತು ಇ ನಡುವೆ, ಆ ಗೂಟದಿಂದ 13.3 ಮೀಟರಿನಲ್ಲಿ ಇನ್ನೊಂದು. ಇ ಸಾಲಿನಲ್ಲಿ ಎರಡನೆಯ ಗೂಟಕ್ಕಿಂತ 3.3 ಮೀಟರ್ ಉತ್ತರಕ್ಕೆ, ಆಮೇಲೆ ಇ2ರಿಂದ ಪೂರ್ವಕ್ಕೆ 4 ಮೀಟರಿನಲ್ಲಿ, ಕೊನೆಗೆ ಈ3.

ಚುಕ್ಕೆಗಳನ್ನು ಸೇರಿಸಿ. ನೈಋತ್ಯದ ಮೂಲೆಯಿಂದ ಹೊರಟ ಗೆರೆ ಈಶಾನ್ಯಕ್ಕೆ ಏರುತ್ತಾ ಹೋಗಿ, ಇ ಸಾಲಿನ ಮೇಲೆ ತಲೆ ತಿರುಗಿಸಿ, ಆಗ್ನೇಯಕ್ಕೆ ಇಳಿದು ಈ3ಕ್ಕೆ ಬರುತ್ತದೆ. ತಲೆಕೆಳಗಾದ V ಆಕಾರ, ಮೂತಿ ಉತ್ತರಕ್ಕೆ, ಅಂದರೆ ಎತ್ತರದ ಕಡೆಗೆ. ಹೊಲದ ನಡುವೆ ಹಳ್ಳವಿದೆ. ಮಳೆ ಬಂದರೆ ನೀರು ಇ ಸಾಲಿನಲ್ಲಿ ಕೂಡಿ ದಕ್ಷಿಣಕ್ಕೆ, ಕೆರೆಗೆ ಹರಿಯುತ್ತದೆ. 101 ಮತ್ತು 100ರ ಗೆರೆಗಳನ್ನೂ ನೀವೇ ಎಳೆದು ನೋಡಿ. ಮೂರೂ ಅದೇ ಕಡೆ ಮೂತಿ ಚಾಚುತ್ತವೆ. ಹಳ್ಳದಲ್ಲಿ ಗೆರೆಗಳ ಮೂತಿ ಮೇಲಕ್ಕೆ, ದಿಣ್ಣೆಯ ಬೆನ್ನಿನಲ್ಲಿ ಕೆಳಕ್ಕೆ. ಎರಡೂ ನೋಡಲು ಒಂದೇ ತರ, ಗೆರೆಯ ಮೇಲಿನ ಅಂಕಿ ಓದದಿದ್ದರೆ ಹಳ್ಳವನ್ನು ದಿಣ್ಣೆ ಎಂದುಕೊಳ್ಳುವುದು ಸುಲಭ. ಕಾಂಟೂರ್ ನಕ್ಷೆಯಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಇದೇ.

ಈಗ ಇಳಿಜಾರು. ಆ3ರ ಗೂಟದ ಬಳಿ ನಿಲ್ಲಿ. ಪಶ್ಚಿಮದ ನೆರೆಯ ಗೂಟ 100.9, ಪೂರ್ವದ್ದು 99.8. ನಲವತ್ತು ಮೀಟರಿನಲ್ಲಿ 1.1 ಇಳಿತ, ಅಂದರೆ ಪೂರ್ವಕ್ಕೆ ಹೆಜ್ಜೆ ಹಾಕಿದರೆ ಮೀಟರಿಗೆ 2.75 ಸೆಂಟಿಮೀಟರ್ ಇಳಿಯುತ್ತೀರಿ. ಉತ್ತರದ ಗೂಟ 100.7, ದಕ್ಷಿಣದ್ದು 99.7. ದಕ್ಷಿಣಕ್ಕೆ ಹೋದರೆ ಮೀಟರಿಗೆ 2.5 ಸೆಂಟಿಮೀಟರ್. ಎರಡು ಒಳಹರಿವಿನ ಫಲನಕ್ಕೆ ಹೀಗೆ ಒಂದೇ ಜಾಗದಲ್ಲಿ ದಿಕ್ಕಿಗೊಂದು ಇಳಿಜಾರು. "ಇಲ್ಲಿ ಇಳಿಜಾರು ಎಷ್ಟು?" ಎಂದರೆ "ಯಾವ ಕಡೆಗೆ?" ಎಂದು ತಿರುಗಿ ಕೇಳಬೇಕಾಗುತ್ತದೆ. ಆದರೆ ಈ ಎರಡು ಸಂಖ್ಯೆ ಗೊತ್ತಾದರೆ ಉಳಿದ ದಿಕ್ಕುಗಳದ್ದೆಲ್ಲ ಗೊತ್ತಾದಂತೆ. ಅತಿ ಕಡಿದಾದ ಇಳಿತ ಎರಡರ ನಡುವೆ, ಹೆಚ್ಚುಕಡಿಮೆ ನೇರ ಆಗ್ನೇಯಕ್ಕೆ. ಅದರ ಅಳತೆ 2.75 ಮತ್ತು 2.5ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಷ್ಟು, ಮೀಟರಿಗೆ 3.7 ಸೆಂಟಿಮೀಟರ್. ಅದಕ್ಕೆ ಲಂಬವಾಗಿ, ಈಶಾನ್ಯಕ್ಕೋ ನೈಋತ್ಯಕ್ಕೋ ನಡೆದರೆ ಏರೂ ಇಲ್ಲ, ಇಳಿಯೂ ಇಲ್ಲ. ನಾವು ಎಳೆದ 100.5ರ ಗೆರೆ ಈ ಗೂಟದ ಪಕ್ಕದಲ್ಲಿ ಹೋಗಿರುವುದೂ ಅದೇ ದಿಕ್ಕಿಗೆ.

ಸಮಪಾತಳಿ ಬದು ಹಾಕುವವರು ಹಿಡಿಯುವ ದಾರಿ ಅದು. ಬದು ಗೆರೆಯ ಗುಂಟ ಹೋದರೆ ಅದರ ಹಿಂದೆ ನಿಂತ ನೀರು ಉದ್ದಕ್ಕೂ ಒಂದೇ ಆಳದಲ್ಲಿ ನಿಂತು ಇಂಗುತ್ತದೆ. ಗೆರೆ ಬಿಟ್ಟು ಅಡ್ಡಡ್ಡ ಹೋದರೆ ನೀರು ಬದುವಿನ ತಗ್ಗಿನ ತುದಿಗೆ ಓಡಿ ಅಲ್ಲೇ ಕೊರೆಯುತ್ತದೆ. ಬದು ಒಡೆದಿರುವ ಜಾಗ ನೋಡಿದರೇ ಸಾಕು, ಯಾವ ಕಡೆ ಗೆರೆ ತಪ್ಪಿದೆ ಎಂದು ಹೇಳಬಹುದು. ಹೊಲದ ಹದ್ದು ನೇರಗೆರೆ, ನೆಲದ ಗೆರೆ ಸೊಟ್ಟ. ಹಿಸ್ಸೆಯಾಗಿ ಹಿಸ್ಸೆಯಾಗಿ ಪಟ್ಟಿಗಳಾದ ಜಮೀನಿನಲ್ಲಿ ಈ ಎರಡರ ಜಗಳ ಬಗೆಹರಿಯುವುದು ಅಪರೂಪ.

ಮೇಲಿನ ಲೆಕ್ಕದಲ್ಲಿ ಒಂದು ನಂಬಿಕೆ ಸದ್ದಿಲ್ಲದೆ ಕೂತಿತ್ತು: ಎರಡು ಗೂಟಗಳ ನಡುವೆ ನೆಲ ಒಂದೇ ಸಮನೆ ಇಳಿದಿದೆ ಎನ್ನುವುದು. ನಡುವೆ ಅರ್ಧ ಮೀಟರಿನ ಹಳೆಯ ಬದು ಇದ್ದು, ಯಾವ ಗೂಟವೂ ಅದರ ಮೇಲೆ ಬೀಳದಿದ್ದರೆ ನಕ್ಷೆಯಲ್ಲಿ ಬದುವೇ ಇರುವುದಿಲ್ಲ. ಅನುಭವಸ್ಥರು ಇದಕ್ಕೇ ಚೌಕದ ಲೆಕ್ಕವನ್ನು ಬದಿಗಿಟ್ಟು, ನೆಲ ಮುರಿಯುವ ಕಡೆಗಳಲ್ಲೆಲ್ಲ, ಅಂದರೆ ಬದುವಿನ ತಲೆ, ಬದುವಿನ ಬುಡ, ಹಳ್ಳದ ತಳ, ಬಾವಿಯ ಕಟ್ಟೆಯ ಬಳಿ, ಹೆಚ್ಚಿನ ರೀಡಿಂಗ್ ತೆಗೆಯುತ್ತಾರೆ. ಇನ್ನೊಂದು ತಪ್ಪು ನಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಸ್ಟಾಫಿನಲ್ಲಿ ಒಂದು ಮೀಟರ್ ತಪ್ಪಾಗಿ ಓದಿ ಆ2ರಲ್ಲಿ 100.7ರ ಬದಲು 101.7 ಎಂದು ಬರೆದುಕೊಂಡರು ಎನ್ನಿ. ಗೆರೆ ಎಳೆದಾಗ ಆ ಒಂದೇ ಗೂಟದ ಸುತ್ತ ಪುಟ್ಟ ಪುಟ್ಟ ಬಳೆಗಳು ಮೂಡುತ್ತವೆ, ಹೊಲದ ನಡುವೆ ಹುತ್ತ ಎದ್ದ ಹಾಗೆ. ಒಂದೇ ಗೂಟವನ್ನು ಸುತ್ತಿದ ಬಳೆ ಕಂಡರೆ ಮೊದಲು ಫೀಲ್ಡ್ ಬುಕ್ ತೆರೆಯಬೇಕು, ಆಮೇಲೆ ಹೊಲಕ್ಕೆ ಹೋಗಿ ನೋಡಬೇಕು. ಹತ್ತಕ್ಕೆ ಒಂಬತ್ತು ಸಲ ಪುಸ್ತಕದಲ್ಲೇ ತಪ್ಪು ಸಿಗುತ್ತದೆ ಎನ್ನುವುದು ನನ್ನ ಅಂದಾಜು.

ಲೆಕ್ಕಕ್ಕೇ ಸಿಗದ ಒಂದು ಗೊಂದಲವೂ ಇದೆ. ಒಂದು ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ 100.8, 100.2, 100.8, 100.2 ಎಂದು ಏರಿಳಿದಿದೆ ಎನ್ನಿ. 100.5ರ ಗೆರೆ ನಾಲ್ಕೂ ಬದಿಗಳನ್ನು ದಾಟಬೇಕು. ದಾಟುವ ನಾಲ್ಕು ಚುಕ್ಕೆಗಳನ್ನು ಎರಡೆರಡಾಗಿ ಸೇರಿಸಲು ಎರಡು ದಾರಿ, ಎರಡೂ ಅಂಕಿಗಳಿಗೆ ಒಪ್ಪುತ್ತವೆ. ಒಂದರ ಪ್ರಕಾರ ಎರಡು ದಿಣ್ಣೆಗಳು ನಡುವೆ ಕೂಡಿಕೊಂಡಿವೆ. ಇನ್ನೊಂದರ ಪ್ರಕಾರ ಎರಡು ತಗ್ಗುಗಳು ಕೂಡಿಕೊಂಡು ದಿಣ್ಣೆಗಳನ್ನು ಬೇರ್ಪಡಿಸಿವೆ. ಕಂಪ್ಯೂಟರಿನ ತಂತ್ರಾಂಶ ಯಾವುದೋ ಒಂದನ್ನು ಆರಿಸಿ ಸುಮ್ಮನಾಗುತ್ತದೆ. ಅದರ ನುಣುಪಾದ ಗೆರೆ ನೋಡಿ ಮೋಸ ಹೋಗಬಾರದು. ಪರಿಹಾರ ಒಂದೇ, ಚೌಕದ ನಟ್ಟನಡುವೆ ಇನ್ನೊಂದು ರೀಡಿಂಗ್. ಇಂಥ ಜಾಗ ಒಂದು ಕಡೆಯಿಂದ ನೋಡಿದರೆ ಏರು, ಅದಕ್ಕೆ ಅಡ್ಡದ ಕಡೆಯಿಂದ ನೋಡಿದರೆ ಇಳಿ. ದಿಣ್ಣೆಯಿಂದ ದಿಣ್ಣೆಗೆ ಹೋಗುವವರು ಅಲ್ಲೇ ಕೆಳಕ್ಕೆ ಬರುತ್ತಾರೆ, ತಗ್ಗಿನಿಂದ ತಗ್ಗಿಗೆ ದಾಟುವವರಿಗೆ ಅದೇ ಎತ್ತರದ ಜಾಗ. ಹಳೆಯ ಬಂಡಿದಾರಿಗಳು ಗುಡ್ಡ ದಾಟಲು ಹುಡುಕುತ್ತಿದ್ದುದು ಈ ಜಾಗಗಳನ್ನೇ.

ಕೆರೆಗೆ ಮರಳೋಣ. ಗೆರೆಗಳು ಆಕಾರ ತೋರಿಸುವುದಲ್ಲದೆ ನೀರಿನ ಲೆಕ್ಕವನ್ನೂ ಕೊಡುತ್ತವೆ. ಒಂದು ಕೆರೆಯಂಗಳದ ಸರ್ವೆಯಲ್ಲಿ ತೂಬಿನ ಬಳಿಯ ತಳ 96, ಕೋಡಿ 100 ಎನ್ನಿ. 97ರ ಗೆರೆಯೊಳಗೆ 1 ಹೆಕ್ಟೇರ್, 98ರೊಳಗೆ 3, 99ರೊಳಗೆ 6, 100ರೊಳಗೆ 10. ಒಂದೊಂದು ಮೀಟರಿನ ಪದರಕ್ಕೂ ಮೇಲಿನ ಮತ್ತು ಕೆಳಗಿನ ವಿಸ್ತೀರ್ಣದ ಸರಾಸರಿ ಹಿಡಿದರೆ ಕೆಳಗಿನಿಂದ ಅರ್ಧ, ಎರಡು, ನಾಲ್ಕೂವರೆ, ಎಂಟು. ಒಟ್ಟು 15 ಹೆಕ್ಟೇರ್-ಮೀಟರ್, ಒಂದೂವರೆ ಲಕ್ಷ ಘನಮೀಟರ್ ನೀರು. ಅರ್ಧಕ್ಕಿಂತ ಹೆಚ್ಚು ನೀರು ಮೇಲಿನ ಒಂದೇ ಮೀಟರಿನಲ್ಲಿದೆ. ಕೆರೆ "ಮುಕ್ಕಾಲು ತುಂಬಿದೆ" ಎಂದು ಅಳತೆಕಲ್ಲು ನೋಡಿ ಹೇಳುವವರು ಇದನ್ನು ಮರೆಯುತ್ತಾರೆ. ಆಳದಲ್ಲಿ ಮುಕ್ಕಾಲು ಇದ್ದರೂ ನೀರು ಅರ್ಧಕ್ಕಿಂತ ಕಡಿಮೆ. ಹಾಗಾದರೆ ಕೋಡಿಯನ್ನೇ ಅರ್ಧ ಮೀಟರ್ ಎತ್ತರಿಸಿಬಿಡೋಣ ಎಂದು ಯಾರಾದರೂ ಹೊರಟರೆ, ಮುಳುಗುವ ಹೊಲ ಯಾರದ್ದು ಎಂದು 100.5ರ ಗೆರೆ ಮೊದಲೇ ಬೆರಳು ಮಾಡಿ ತೋರಿಸುತ್ತದೆ. ನಮ್ಮ ಉದಾಹರಣೆಯ ಹೊಲದಲ್ಲಿ ಅ4ರಿಂದ ಈ3ರವರೆಗೆ ಎಳೆದ ಆ V ಗೆರೆಯ ಕೆಳಗಿನದೆಲ್ಲ ಹೋಯಿತು.

ಗೆರೆಗಳ ನಡುವಿನ ವಿಸ್ತೀರ್ಣ ಕೂಡಿಸಿ ಗಾತ್ರ ತೆಗೆಯುವ ಈ ಕೆಲಸಕ್ಕೆ ಒಂದು ದೊಡ್ಡ ಪೂರ್ವನಿದರ್ಶನವಿದೆ. 1774ರಲ್ಲಿ ನೆವಿಲ್ ಮ್ಯಾಸ್ಕಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಎಂಬ ಬೆಟ್ಟದ ಪಕ್ಕದಲ್ಲಿ ತೂಗುಗುಂಡು ನೇತುಹಾಕಿ, ಬೆಟ್ಟ ಅದನ್ನು ಎಷ್ಟು ತನ್ನೆಡೆಗೆ ಎಳೆಯುತ್ತದೆ ಎಂದು ಅಳೆದರು. ಅದರಿಂದ ಭೂಮಿಯ ಸಾಂದ್ರತೆ ತಿಳಿಯಬೇಕಿತ್ತು. ಅದಕ್ಕೆ ಬೆಟ್ಟದ ಗಾತ್ರ ಬೇಕು. ಸರ್ವೆಯವರು ತಂದುಕೊಟ್ಟ ಎತ್ತರದ ಅಂಕಿಗಳ ರಾಶಿಯನ್ನು ಲೆಕ್ಕಕ್ಕೆ ತರಲು ಕೂತ ಗಣಿತಜ್ಞ ಚಾರ್ಲ್ಸ್ ಹಟನ್, ಒಂದೇ ಎತ್ತರದ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದರೆ ಬೆಟ್ಟದ ಆಕಾರ ಒಂದೇ ನೋಟಕ್ಕೆ ಸಿಗುತ್ತದೆ ಎಂದು ಕಂಡುಕೊಂಡರು. ಲೆಕ್ಕ ಪ್ರಕಟವಾದದ್ದು 1778ರಲ್ಲಿ.

ಇಷ್ಟು ಕಲಿತು ಸರ್ವೆ ಆಫ್ ಇಂಡಿಯಾದ ಹಾಳೆ ಬಿಡಿಸಿದರೆ ಬೇರಿಕೆಯ ಸುತ್ತ ನಿರಾಸೆ ಕಾದಿದೆ. ಹೊಸೂರು ಸೀಮೆ 57ಎಚ್ ಎಂಬ ಗುಂಪಿನ ಹಾಳೆಗಳಲ್ಲಿ ಬರುತ್ತದೆ. 1:50,000 ಪ್ರಮಾಣ, ಅಂದರೆ ಕಾಗದದ ಒಂದು ಸೆಂಟಿಮೀಟರಿಗೆ ನೆಲದ ಅರ್ಧ ಕಿಲೋಮೀಟರ್. ಕಂದು ಬಣ್ಣದ ಗೆರೆಗಳು 20 ಮೀಟರಿಗೊಂದು, ಐದನೆಯದು ದಪ್ಪ. ನೆಲ ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಕಡೆ ಒಂದು ಗೆರೆಯಿಂದ ಇನ್ನೊಂದಕ್ಕೆ ಎರಡು ಕಿಲೋಮೀಟರ್, ಕಾಗದದಲ್ಲಿ ನಾಲ್ಕು ಸೆಂಟಿಮೀಟರ್. ಈ ಅಗಲದೊಳಗೆ ಒಂದು ಕೆರೆ, ಏರಿ, ಎರಡು ಹಳ್ಳ, ಹತ್ತು ಬದುಗಳು ಗೆರೆಗೆ ಸಿಗದೆ ಅಡಗಿ ಕೂರಬಲ್ಲವು. ನಾವು ಮೇಲೆ ಎಳೆದ ಇಡೀ ಹೊಲದ ಏರಿಳಿತ ಮೂರು ಮೀಟರ್ ಕೂಡ ಇಲ್ಲ, ಈ ಹಾಳೆಯ ಪಾಲಿಗೆ ಅದು ಚಪ್ಪಟೆ. ಕೆರೆ ಏರಿಯನ್ನು ಹಾಳೆ ತೋರಿಸುತ್ತದೆ ನಿಜ, ಆದರೆ ಗುರುತಿನ ಚಿಹ್ನೆಯಿಂದ, ಗೆರೆಯಿಂದಲ್ಲ.

ಅದೇ ಪ್ರಮಾಣದ ಹಾಳೆಗಳಲ್ಲಿ ಪ್ರಸ್ಥಭೂಮಿಯ ಅಂಚಿಗೆ ಬಂದರೆ ನೋಟವೇ ಬೇರೆ. ಹೊಸೂರು ಸುಮಾರು 900 ಮೀಟರಿನ ಆಸುಪಾಸಿನಲ್ಲಿದೆ, ಕೃಷ್ಣಗಿರಿ ಸುಮಾರು 500ರಲ್ಲಿ, ನಡುವೆ ಐವತ್ತು ಕಿಲೋಮೀಟರ್ ರಸ್ತೆ. ಸಮನಾಗಿ ಹಂಚಿದ್ದರೆ ನೂರು ಮೀಟರಿಗೆ ಸುಮಾರು 0.8 ಮೀಟರ್ ಇಳಿತ, ಯಾವ ಲಾರಿಯೂ ಗೇರ್ ಬದಲಿಸಬೇಕಿರಲಿಲ್ಲ. ಆದರೆ ಗೆರೆಗಳು ಹಾಗೆ ಹಂಚಿಕೊಂಡಿಲ್ಲ, ಗುಡ್ಡಗಳ ಮಗ್ಗುಲಲ್ಲಿ ಒತ್ತಾಗಿ ನಿಂತಿವೆ. ನೂರಕ್ಕೆ ಇಪ್ಪತ್ತು ಇಳಿಯುವ ಮಗ್ಗುಲಲ್ಲಿ ಎರಡು ಗೆರೆಗಳ ನಡುವೆ ಬರೀ ಎರಡು ಮಿಲಿಮೀಟರ್. ಸರಾಸರಿ ಇಳಿಜಾರು ಎನ್ನುವ ಸಂಖ್ಯೆ ಎಷ್ಟು ಪೊಳ್ಳು ಎಂದು ಗೆರೆಗಳ ಒತ್ತು ಹೇಳುತ್ತದೆ. ಹಾಳೆ ಕೊಳ್ಳುವ ಮೊದಲು ಅಂಚಿನಲ್ಲಿ ಗೆರೆಗಳ ಅಂತರ ಎಷ್ಟು ಎಂದು ಓದಬೇಕು. ನಿಮ್ಮ ಪ್ರಶ್ನೆ ಅದಕ್ಕಿಂತ ಚಿಕ್ಕದಾದರೆ ಆ ನಕ್ಷೆ ನಿಮ್ಮ ಪ್ರಶ್ನೆಗಲ್ಲ.

ಇಲ್ಲಿಯವರೆಗೆ ಹೊರಗೆ ಬಂದ ಸಂಖ್ಯೆ ಎತ್ತರ. ಹಾಗೇ ಇರಬೇಕೆಂದೇನಿಲ್ಲ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1701ರಲ್ಲಿ ಅಟ್ಲಾಂಟಿಕ್ ಸಾಗರದ ಒಂದು ಪಟ ಪ್ರಕಟಿಸಿದರು. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ಡಿಗ್ರಿ ವಾಲುತ್ತದೆ ಎನ್ನುವುದೇ ಅಲ್ಲಿ ಹೊರಗೆ ಬರುವ ಸಂಖ್ಯೆ. ವಾಲಿಕೆ ಒಂದೇ ಇರುವ ಜಾಗಗಳನ್ನು ಗೆರೆಯಿಂದ ಸೇರಿಸಿದ್ದರು. ಹಟನ್ ಬೆಟ್ಟಕ್ಕೆ ಗೆರೆ ಸುತ್ತುವುದಕ್ಕಿಂತ ಎಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲಿನ ಮಾತು. ಹ್ಯಾಲಿಯ ಪಟದಲ್ಲಿ ಹೊರಗೆ ಬರುವುದು ಬದಲಾದರೂ ಒಳಗೆ ಹೋಗುವವು ಪೂರ್ವ, ಉತ್ತರಗಳೇ ಆಗಿದ್ದವು. ಅವೂ ಬದಲಾದ ಒಂದು ನಕ್ಷೆ ಬೇರಿಕೆಯ ಸುತ್ತಲೇ ಬಳಕೆಯಲ್ಲಿದೆ.

ಹೊಸೂರು, ಬಾಗಲೂರು, ಬೇರಿಕೆ ಕಡೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುತ್ತಾರೆ. ಗುಲಾಬಿ ಬೆಳೆಗಾರರು ವಿಪಿಡಿ ಎಂಬ ಮಾತು ಆಡುತ್ತಾರೆ. ಗಾಳಿ ತಾನು ಹಿಡಿಯಬಲ್ಲಷ್ಟು ನೀರಾವಿಗೆ ಇನ್ನೂ ಎಷ್ಟು ಕೊರತೆಯಲ್ಲಿದೆ ಎನ್ನುವುದರ ಅಳತೆ ಅದು, ಕಿಲೋಪಾಸ್ಕಲ್ ಲೆಕ್ಕದಲ್ಲಿ. ಕೊರತೆ ತೀರ ಹೆಚ್ಚಾದರೆ ಎಲೆ ಬೇಗ ನೀರು ಕಳೆದುಕೊಂಡು ರಂಧ್ರ ಮುಚ್ಚಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ತೀರ ಕಡಿಮೆಯಾದರೆ ಎಲೆ, ಮೊಗ್ಗುಗಳ ಮೇಲೆ ತೇವ ನಿಂತು ಶಿಲೀಂಧ್ರಕ್ಕೆ ಹಬ್ಬ. ಇದನ್ನು ನಿರ್ಧರಿಸುವ ಸಂಖ್ಯೆಗಳು ಎರಡು, ಉಷ್ಣತೆ T ಮತ್ತು ಗಾಳಿಯ ತೇವಾಂಶ H.

```
es(T) = 0.6108 × exp(17.27 T / (T + 237.3))
V(T, H) = es(T) × (1 − H/100)
```

ಅಡ್ಡಕ್ಕೆ ಉಷ್ಣತೆ, ಮೇಲಕ್ಕೆ ತೇವಾಂಶ ಇಟ್ಟು, ಕೆರೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳೋಣ. ವಿಪಿಡಿ 1 ಆಗುವ ಜೋಡಿಗಳು ಯಾವುವು? 20 ಡಿಗ್ರಿಯಲ್ಲಿ ತೇವಾಂಶ ನೂರಕ್ಕೆ 57 ಇರಬೇಕು, 25ರಲ್ಲಿ 68, 30ರಲ್ಲಿ 76, 35ರಲ್ಲಿ 82. ಇದು ಒಂದು ಗೆರೆ. ವಿಪಿಡಿ 2ರ ಗೆರೆ 25 ಡಿಗ್ರಿಯಲ್ಲಿ 37, 30ರಲ್ಲಿ 53, 35ರಲ್ಲಿ 64ರ ಮೂಲಕ ಹೋಗುತ್ತದೆ. ಎರಡು ಗೆರೆಗಳ ನಡುವಿನ ಅಂತರ 25ರಲ್ಲಿ 31, 35ರಲ್ಲಿ ಬರೀ 18. ಬಲಕ್ಕೆ ಹೋದಂತೆ ಗೆರೆಗಳು ಒತ್ತಾಗುತ್ತವೆ, ಅಂದರೆ ಈ ಬೆಟ್ಟದ ಬಿಸಿಲಿನ ಕಡೆಯ ಮಗ್ಗುಲು ಕಡಿದು. ತಣ್ಣನೆಯ ಬೆಳಿಗ್ಗೆ ತೇವಾಂಶದಲ್ಲಿ ಐದು ಅಂಶ ಹೆಚ್ಚುಕಡಿಮೆಯಾದರೆ ಗಿಡಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮಧ್ಯಾಹ್ನ ಅದೇ ಐದು ಅಂಶಕ್ಕೆ ಎರಡು ಪಟ್ಟಿಗಿಂತ ಹೆಚ್ಚಿನ ಬೆಲೆ.

ಹೊಲದ ನಕ್ಷೆಯ ಒಂದು ಅಭ್ಯಾಸವನ್ನು ಮಾತ್ರ ಇಲ್ಲಿಗೆ ತರಬಾರದು. ಅಲ್ಲಿ ಗೆರೆಗೆ ಲಂಬವಾದ ದಿಕ್ಕೇ ಅತಿ ಕಡಿದು, ನೀರು ಹರಿಯುವ ದಾರಿ. ಅದು ನಿಜವಾದದ್ದು ಎರಡೂ ಅಕ್ಷಗಳು ಮೀಟರಿನಲ್ಲಿದ್ದುದರಿಂದ. ಇಲ್ಲಿ ಒಂದು ಅಕ್ಷ ಡಿಗ್ರಿ, ಇನ್ನೊಂದು ಶೇಕಡಾವಾರು. ಒಂದು ಸೆಂಟಿಮೀಟರಿಗೆ ಹತ್ತು ಅಂಶ ತೇವ ಎಂದು ಎಳೆದ ಚಾರ್ಟಿನಲ್ಲೂ ಇಪ್ಪತ್ತು ಅಂಶ ಎಂದು ಎಳೆದದ್ದರಲ್ಲೂ ಗೆರೆಗಳ ವಾಲಿಕೆ ಬೇರೆ, ಹಾಗಾಗಿ ಲಂಬವೂ ಬೇರೆ. ಒಂದು ಡಿಗ್ರಿ ಎಷ್ಟು ಅಂಶ ತೇವಕ್ಕೆ ಸಮ ಎಂದು ಪ್ರಕೃತಿ ಹೇಳಿಲ್ಲ, ಚಾರ್ಟ್ ಬರೆದವರು ತಮ್ಮ ಕಾಗದಕ್ಕೆ ಹೊಂದಿಸಿಕೊಂಡಿದ್ದಾರೆ ಅಷ್ಟೆ. ಕಾಗದ ಬದಲಾದರೂ ಬದಲಾಗದ್ದು ಗೆರೆಯ ಗುಂಟದ ವಿನಿಮಯ. 30 ಡಿಗ್ರಿ, 60 ಅಂಶದ ಬಳಿ ಉಷ್ಣತೆ ಒಂದು ಡಿಗ್ರಿ ಏರಿದರೆ ವಿಪಿಡಿ ಸುಮಾರು 0.1 ಏರುತ್ತದೆ. ಅದನ್ನು ಸರಿದೂಗಿಸಲು ತೇವಾಂಶ ಎರಡೂಕಾಲು ಅಂಶದಷ್ಟು ಏರಬೇಕು. ಬೆಳೆಗಾರನಿಗೆ ಬೇಕಾದದ್ದು ಈ ಸಂಖ್ಯೆ.

ದಿನವೊಂದು ಈ ನಕ್ಷೆಯ ಮೇಲೆ ಒಂದು ನಡಿಗೆ. ಬೆಳಿಗ್ಗೆ 18 ಡಿಗ್ರಿ, 90 ಅಂಶ: ವಿಪಿಡಿ 0.2. ಮಧ್ಯಾಹ್ನ 32 ಡಿಗ್ರಿ, 45 ಅಂಶ: 2.6. ಅಷ್ಟು ಹೊತ್ತಿಗೆ ನಡಿಗೆ 0.5, 1, 1.5, 2, 2.5ರ ಗೆರೆಗಳನ್ನೆಲ್ಲ ದಾಟಿಯಾಗಿದೆ. ಫಾಗರ್ ಹಾಕುತ್ತಾರೆ. ಹನಿಗಳು ಆವಿಯಾಗುತ್ತಾ ಗಾಳಿಯನ್ನು ತಂಪೂ ಮಾಡುತ್ತವೆ, ತೇವವೂ ಮಾಡುತ್ತವೆ, ಆದ್ದರಿಂದ ನಡಿಗೆ ಎಡಕ್ಕೂ ಮೇಲಕ್ಕೂ ಒಟ್ಟಿಗೆ ತಿರುಗುತ್ತದೆ. 28 ಡಿಗ್ರಿ, 70 ಅಂಶಕ್ಕೆ ಬಂದು ನಿಂತರೆ ವಿಪಿಡಿ 1.1, ಗಿಡಕ್ಕೆ ಹಿತ. ಚಾರ್ಟಿನಲ್ಲಿ ಹಿತವೆಂದು ಬಳಿದ ಹಸಿರು ಪಟ್ಟೆಯೊಳಗೆ ಬಂದೆವು ಎಂದು ಎಲ್ಲರೂ ನೆಮ್ಮದಿಯಾಗುವುದು ಇಲ್ಲೇ, ಅಪಾಯವಿರುವುದೂ ಇಲ್ಲೇ. ಸಂಜೆ ಪಕ್ಕದ ಪರದೆ ಇಳಿಸಿ ಮುಚ್ಚಿದರೆ ಒಳಗಿನ ಆವಿ ಒಳಗೇ ಉಳಿಯುತ್ತದೆ, ಉಷ್ಣತೆ ಮಾತ್ರ ಇಳಿಯುತ್ತದೆ. ಆ ಗಾಳಿಯಲ್ಲಿರುವ ಆವಿಯ ಒತ್ತಡ 2.65 ಕಿಲೋಪಾಸ್ಕಲ್. 22 ಡಿಗ್ರಿಗೆ ಇಳಿದ ಗಾಳಿ ಹಿಡಿಯಬಲ್ಲದ್ದು ಅಷ್ಟೇ. ಅಲ್ಲಿಗೆ ವಿಪಿಡಿ ಸೊನ್ನೆ, ಹೂವಿನ ಮೇಲೆ ಹನಿ. ಈ ಎತ್ತರದ ಊರುಗಳಲ್ಲಿ ರಾತ್ರಿ 22ಕ್ಕಿಂತ ಕೆಳಗಿಳಿಯುವುದು ವರ್ಷದ ಬಹುಪಾಲು ತಿಂಗಳು ಮಾಮೂಲು. ಹನಿ ಗಂಟೆಗಟ್ಟಲೆ ನಿಂತರೆ ಬೆಳಿಗ್ಗೆಗೆ ಪಕಳೆಗಳ ಮೇಲೆ ಬೊಟ್ರೈಟಿಸ್ ಚುಕ್ಕೆ.

ಚಾರ್ಟು ಕೇಳುವುದು ಗಾಳಿಯ ಉಷ್ಣತೆಯನ್ನು, ಹನಿ ಕೂರುವುದು ಎಲೆಯ ಮೇಲೆ. ಮೋಡವಿಲ್ಲದ ರಾತ್ರಿ ಎಲೆ ಸುತ್ತಲಿನ ಗಾಳಿಗಿಂತ ತಣ್ಣಗಾಗಬಹುದು, ಬಿಸಿಲಿನಲ್ಲಿ ಅದಕ್ಕಿಂತ ಬಿಸಿಯಾಗಬಹುದು. ಎಲೆಯ ಉಷ್ಣತೆಯನ್ನೂ ಸೇರಿಸಿದರೆ ಒಳಗೆ ಹೋಗುವ ಸಂಖ್ಯೆಗಳು ಮೂರಾಗುತ್ತವೆ. ಆಗ ಒಂದು ಕಾಗದ ಸಾಲದು, ಎಲೆ ಗಾಳಿಗಿಂತ ಒಂದು ಡಿಗ್ರಿ ತಣ್ಣಗಿದ್ದರೆ ಒಂದು ಚಾರ್ಟು, ಎರಡು ಡಿಗ್ರಿಯಾದರೆ ಇನ್ನೊಂದು ಎಂದು ಕಟ್ಟೇ ಬೇಕಾಗುತ್ತದೆ. ಗೋಡೆಯ ಮೇಲಿನ ಒಂದೇ ಚಾರ್ಟನ್ನು ನೆಚ್ಚಿಕೊಂಡವರು ಕಡೇಪಕ್ಷ ಇಷ್ಟು ಮಾಡಿ: ಪರದೆ ಇಳಿಸುವ ಮೊದಲು ಮೀಟರಿನಲ್ಲಿ ಉಷ್ಣತೆ, ತೇವಾಂಶ ಎರಡನ್ನೂ ಓದಿ, ಆ ಆವಿ ಎಷ್ಟು ಡಿಗ್ರಿಗೆ ಹನಿಯಾಗುತ್ತದೆ ಎಂದು ನೋಡಿಕೊಳ್ಳಿ. ಅದು ರಾತ್ರಿಯ ಉಷ್ಣತೆಗಿಂತ ಮೇಲಿದ್ದರೆ, ಒಳಗಿನ ಗಾಳಿ ಹೊರಗೆ ಹೋಗುವವರೆಗೆ ಪರದೆಯನ್ನು ಇನ್ನೂ ಸ್ವಲ್ಪ ಹೊತ್ತು ಎತ್ತಿಯೇ ಇಡಿ.